ಅಭಿನಂದನಾ ಪತ್ರದ ಒಕ್ಕಣೆ

ಪತ್ರಲೇಖನವನ್ನು ಕಲಿಸುವಾಗ ನಾವು ಖಾಸಗಿ ಪತ್ರ, ವ್ಯಾವಹಾರಿಕ ಪತ್ರ ಎಂದು ಎರಡು ಬಗೆ ಮಾಡುತ್ತಿದ್ದೆವು. ಇವೆರಡರ ನಡುವೆ ನಿಲ್ಲುವ ಇನ್ನೊಂದು ಪತ್ರವಿದೆ. ಬಹುಕಾಲದ ಗಿರಾಕಿಯ ಸಂಸ್ಥೆಗೆ ಪ್ರಶಸ್ತಿ ಬಂದಾಗ ಅಥವಾ ಅದರ ರಜತ ಮಹೋತ್ಸವ ನಡೆದಾಗ ಬರೆಯುವ ಅಭಿನಂದನಾ ಪತ್ರವದು. ಅದರಲ್ಲಿ ಸಂತೋಷವೂ ಇರಬೇಕು, ಮುಂದಿನ ವ್ಯವಹಾರದ ಸುಳಿವೂ ಇರಬೇಕು. ಪಠ್ಯಪುಸ್ತಕದಲ್ಲಿಲ್ಲದ ಈ ಪಾಠವನ್ನು ನಾನು ಹಳೆಯ ವಿದ್ಯಾರ್ಥಿಯೊಬ್ಬನ ನಿಮಿತ್ತವಾಗಿ ಯೋಚಿಸಬೇಕಾಯಿತು.

ಸೊಲ್ಲಾಪುರದಲ್ಲಿ ಆತನದು ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಉದ್ಯಮ. ಆತನಿಂದ ಪೆಟ್ಟಿಗೆ ಕೊಳ್ಳುವ ಟವೆಲ್ ಕಾರಖಾನೆಯೊಂದು 25 ವರ್ಷ ಪೂರೈಸಲಿತ್ತು. ಬರೆದು ತಂದ ಕರಡನ್ನು ನನ್ನ ಮುಂದಿಟ್ಟು, “ಗುರುಗಳೇ, ತಿದ್ದಿಕೊಡಿರಿ” ಎಂದ. ಮೊದಲ ಸಾಲಿನಲ್ಲಿ ಅಭಿನಂದನೆ. ಎರಡನೆಯದರಲ್ಲಿ ಇನ್ನು ಮುಂದೆಯೂ ತಮ್ಮಲ್ಲೇ ಪೆಟ್ಟಿಗೆ ಕೊಳ್ಳಬೇಕೆಂಬ ಬಿನ್ನಹ. ಮೂರನೆಯದರಲ್ಲಿ ಹೊಸ ದರಪಟ್ಟಿ ಲಗತ್ತಿಸಿದೆಯೆಂಬ ಸೂಚನೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ಗಿರಾಕಿಯ ಹೆಸರನ್ನು ಅಳಿಸಿ ಬೇರೆ ಯಾರ ಹೆಸರನ್ನು ಬರೆದರೂ ಆ ಪತ್ರ ಹಾಗೆಯೇ ಸಲ್ಲುತ್ತಿತ್ತು. ಅದೇ ದೋಷದ ಮೊದಲ ಗುರುತು. ದರಪಟ್ಟಿಯಂತೂ ಅಭಿನಂದನೆಯನ್ನು ಬರಿಯ ಪೀಠಿಕೆಯಾಗಿಸಿಬಿಟ್ಟಿತ್ತು.

“ಅವರ ವಿಷಯದಲ್ಲಿ ನಿನಗೆ ಮಾತ್ರ ಗೊತ್ತಿರುವುದೇನು?” ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹಳೆಯ ಪ್ರಸಂಗವೊಂದನ್ನು ಹೇಳಿದ. ಅದನ್ನೇ ನಡುವಿಗಿಟ್ಟು ಪತ್ರವನ್ನು ಮತ್ತೆ ಬರೆಸಿದೆ:

“ಮಾನ್ಯರೇ, ತಮ್ಮ ಕಾರಖಾನೆಯು 25 ವರ್ಷಗಳನ್ನು ಪೂರೈಸುತ್ತಿರುವುದು ತಿಳಿದು ನಮಗೆಲ್ಲ ಸಂತೋಷವಾಗಿದೆ. ಒಂದು ಮಳೆಗಾಲದಲ್ಲಿ ನಮ್ಮ ಮೂರು ಪದರದ ಪೆಟ್ಟಿಗೆಗಳು ದಾರಿಯಲ್ಲಿ ಮೆತ್ತಗಾಗಿ ಕುಸಿದಿದ್ದವು. ತಾವು ಬೇರೆಯವರನ್ನು ಹುಡುಕದೆ, ನಮ್ಮನ್ನೇ ಕೂಡ್ರಿಸಿಕೊಂಡು ಐದು ಪದರದ ಪೆಟ್ಟಿಗೆಯನ್ನು ಪರೀಕ್ಷಿಸಿ ನೋಡಿದಿರಿ. ಅಂದು ಕಲಿತದ್ದು ನಮಗೆ ಇಂದಿಗೂ ಆಧಾರವಾಗಿದೆ. ತಮಗೂ ತಮ್ಮ ನೇಕಾರ ಬಾಂಧವರಿಗೂ ಹೃತ್ಪೂರ್ವಕ ಅಭಿನಂದನೆಗಳು. ಹೋಟೆಲುಗಳಿಗೆ ಸಣ್ಣ ಕಟ್ಟುಗಳನ್ನು ಕಳುಹಿಸುವ ವಿಚಾರವನ್ನು ಕಳೆದ ಭೇಟಿಯಲ್ಲಿ ತಾವು ಹೇಳಿದ್ದು ನೆನಪಿನಲ್ಲಿದೆ. ಸಮಾರಂಭದ ಓಡಾಟ ಮುಗಿದು ತಮಗೆ ಬಿಡುವಾದಾಗ, ಅದಕ್ಕೊಪ್ಪುವ ಪೆಟ್ಟಿಗೆಯ ನಮೂನೆಯೊಂದಿಗೆ ಬಂದು ಕಾಣುತ್ತೇವೆ.”

ಈ ಒಕ್ಕಣೆಯಲ್ಲಿ ಮುಂದಿನ ಕೆಲಸದ ಮಾತು ಕೊನೆಯಲ್ಲಿದೆ, ಅದೂ ಎರಡೇ ವಾಕ್ಯಗಳಲ್ಲಿ. ಅದು ನಮ್ಮ ಬೇಡಿಕೆಯಿಂದ ಹುಟ್ಟದೆ, ಗಿರಾಕಿಯೇ ಹಿಂದೆ ಆಡಿದ ಮಾತಿನಿಂದ ಹುಟ್ಟಿದೆ. ದರವಿಲ್ಲ, ಗಡುವಿಲ್ಲ, ಭೇಟಿಯ ದಿನವನ್ನು ಅವರ ಅನುಕೂಲಕ್ಕೆ ಬಿಟ್ಟಿದೆ. ಆ ಎರಡು ವಾಕ್ಯಗಳನ್ನು ಬೆರಳಿನಿಂದ ಮುಚ್ಚಿ ಓದಿರಿ. ಉಳಿದ ಪತ್ರವು ತಾನೇ ತಾನಾಗಿ ನಿಂತರೆ ಅಭಿನಂದನೆ ನಿಜವಾದದ್ದು. ಕುಸಿದರೆ ಅದು ಮಾರಾಟದ ಪತ್ರ.

ಹಳೆಯ ಪ್ರಸಂಗವನ್ನು ಆರಿಸುವಾಗಲೂ ಎಚ್ಚರ ಬೇಕು. ಇಂಥ ಪತ್ರಗಳನ್ನು ಸಭೆಯಲ್ಲಿ ಓದುವುದುಂಟು, ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕುವುದೂ ಉಂಟು. ಆದುದರಿಂದ ನಮ್ಮ ತಪ್ಪನ್ನು ಹೇಳಿಕೊಳ್ಳಬಹುದು, ಅವರದನ್ನು ಎಂದಿಗೂ ಹೇಳಬಾರದು. ಅವರ ಹೊಸ ಯೋಜನೆ ಗುಟ್ಟಿನದಾಗಿದ್ದರೆ ಅದರ ಪ್ರಸ್ತಾಪವೂ ಸಲ್ಲದು. ಬರಬೇಕಾದ ಬಾಕಿಯನ್ನು ಇದೇ ಪತ್ರದಲ್ಲಿ ನೆನಪಿಸಿದರೆ ಮೇಲಿನ ಸಾಲುಗಳೆಲ್ಲ ವ್ಯರ್ಥ. ಅದಕ್ಕೆ ಬೇರೆ ದಿನ, ಬೇರೆ ಪತ್ರ. ಪ್ರಶಸ್ತಿಯಾಗಿದ್ದರೆ ಅದರ ಪೂರ್ಣ ಹೆಸರು, ಕೊಟ್ಟ ಸಂಸ್ಥೆ, ವರ್ಷ ಇವನ್ನು ವಿಚಾರಿಸಿಯೇ ಬರೆಯಬೇಕು. ಇಲ್ಲಿ ಒಂದು ತಪ್ಪಾದರೂ ನಾವು ಗಮನವಿಟ್ಟು ನೋಡಿಲ್ಲವೆಂಬುದು ಬಯಲಾಗುತ್ತದೆ.

ವಾರ್ಷಿಕೋತ್ಸವದ ಪತ್ರವು ಒಂದೆರಡು ದಿನ ಮುಂಚಿತವಾಗಿ ತಲುಪಬೇಕು. ಪ್ರಶಸ್ತಿಯ ಪತ್ರವನ್ನು ಸುದ್ದಿ ತಿಳಿದ ವಾರದೊಳಗೆ ಬರೆಯಬೇಕು. ತಿಂಗಳು ಕಳೆದು ಬರೆದರೆ, ಕೆಲಸ ಬಿದ್ದಾಗ ನೆನಪಾಯಿತೆಂಬ ಅರ್ಥ ಬರುತ್ತದೆ. ಈಗ ಮೊಬೈಲಿನಲ್ಲಿ ಶುಭಾಶಯ ಕಳುಹಿಸುವುದು ಸುಲಭ. ಆದರೆ ಆ ದಿನ ಅಂಥವು ನೂರಾರು ಬಂದಿರುತ್ತವೆ; ಮಾಲೀಕರೇ ಸಹಿ ಮಾಡಿದ ಕಾಗದವು ಮೇಜಿನ ಮೇಲೆ ಉಳಿಯುತ್ತದೆ. ಗಿರಾಕಿಯ ಮನೆಮಾತು ಮರಾಠಿಯೋ ತೆಲುಗೋ ಆಗಿದ್ದು, ಆ ಭಾಷೆಯಲ್ಲಿ ಶುದ್ಧವಾಗಿ ಬರೆಯಬಲ್ಲವರು ನಮ್ಮಲ್ಲಿದ್ದರೆ ಅದರಲ್ಲಿಯೇ ಬರೆಯುವುದು ಮೇಲು.

ಒಂದು ಸಂದರ್ಭದಲ್ಲಿ ಮಾತ್ರ ಮುಂದಿನ ಕೆಲಸದ ಸುಳಿವೇ ಕೂಡದು. ಗಿರಾಕಿಯು ಸರಕಾರಿ ಕಚೇರಿಯೋ ಸಾರ್ವಜನಿಕ ಸಂಸ್ಥೆಯೋ ಆಗಿದ್ದು, ನಾವು ಹಾಕಿದ ಟೆಂಡರು ಅವರ ಪರಿಶೀಲನೆಯಲ್ಲಿರುವಾಗ, ಎಷ್ಟೇ ನಯವಾದ ಮಾತೂ ಒತ್ತಡವೆನಿಸಬಹುದು. ಆಗ ಬರಿಯ ಅಭಿನಂದನೆ ಸಾಕು, ಉಡುಗೊರೆಯೂ ಬೇಡ.

ನಮ್ಮ ವಿದ್ಯಾರ್ಥಿಯು ಪತ್ರವನ್ನು ಮರಾಠಿಯಲ್ಲಿ ಬರೆಯಿಸಿ, ಸಮಾರಂಭದ ಹಿಂದಿನ ದಿನ ತಾನೇ ಕೊಟ್ಟು ಬಂದನು. ಆಮೇಲೆ ಮೂರು ವಾರ ಸುಮ್ಮನಿದ್ದನು. ಕಡೆಗೆ ನಮೂನೆ ತರಲು ದಿನ ಗೊತ್ತುಮಾಡಿ ಹೇಳಿಕಳುಹಿಸಿದವರು ಗಿರಾಕಿಯೇ.