ಕ್ಲಿಕ್ ಮಾಡಿದವರು ಕೂರಬೇಕಲ್ಲ!

ಹತ್ತು ನಿಮಿಷದ ಲ್ಯಾಪ್ಲಾಸ್ ಪಾಠದ ವಿಡಿಯೊಗೆ ‘ಒಂದೇ ರಾತ್ರಿಯಲ್ಲಿ ಮ್ಯಾಥ್ಸ್ ಪಾಸ್!’ ಎಂದು ಶೀರ್ಷಿಕೆ ಕೊಟ್ಟಿರಿ ಎಂದುಕೊಳ್ಳಿ. ಥಂಬ್‌ನೇಲ್ ಕಂಡ ಸಾವಿರ ಜನರಲ್ಲಿ ನೂರು ಮಂದಿ ಒತ್ತಿ, ಸರಾಸರಿ ಒಂದು ನಿಮಿಷ ನೋಡಿ ಹೊರಟರೆ ಒಟ್ಟು 100 ನಿಮಿಷ. ‘ಲ್ಯಾಪ್ಲಾಸ್: ಪರೀಕ್ಷೆಗೆ ಎರಡು ಲೆಕ್ಕ’ ಎಂದಾಗ ಅರವತ್ತೇ ಜನ ಬಂದು ನಾಲ್ಕು ನಿಮಿಷ ಕೂತರೆ 240! ಯೂಟ್ಯೂಬ್‌ನ ಥಂಬ್‌ನೇಲ್ ಪರೀಕ್ಷೆಯೂ ಗೆಲ್ಲಿಸುವುದು ಹೆಚ್ಚು ವೀಕ್ಷಣಾ ಸಮಯ ತಂದ ಚಿತ್ರವನ್ನೇ, ಹೆಚ್ಚು ಕ್ಲಿಕ್ ತಂದದ್ದನ್ನಲ್ಲ.

ಹಾಗೆಂದು ಚಿತ್ರ ಸಪ್ಪೆಯಾಗಬೇಕಿಲ್ಲ. ಆ ಲೆಕ್ಕವನ್ನೇ ದಪ್ಪ ಅಕ್ಷರದಲ್ಲಿ ಹಾಕಿ. ಬಲಗಡೆಯ ಕೆಳಮೂಲೆ ಮಾತ್ರ ಖಾಲಿ ಬಿಡಿ, ಅಲ್ಲಿ ವಿಡಿಯೊದ ಅವಧಿ ಬಂದು ಕೂರುತ್ತದೆ. ವಿಡಿಯೊ ಶುರುವಾಗುತ್ತಲೇ ಅದೇ ಲೆಕ್ಕ ಕಾಣಲಿ. ಪರೀಕ್ಷೆಯ ಹಿಂದಿನ ರಾತ್ರಿ ನೋಡುವ ನಮ್ಮಂಥವರಿಗೆ ನಿಮ್ಮ ಇಂಟ್ರೊ ಮ್ಯೂಸಿಕ್ ಯಾಕೆ? ಆಮೇಲೆ ಸ್ಟುಡಿಯೊದ ರಿಟೆನ್ಷನ್ ಗ್ರಾಫ್ ನೋಡಿ. ಮೊದಲ 30 ಸೆಕೆಂಡಿನಲ್ಲೇ ಗೆರೆ ಧುಮುಕಿದ್ದರೆ, ಥಂಬ್‌ನೇಲ್ ಕೊಟ್ಟ ಮಾತು ಸಿಗಲಿಲ್ಲವೆಂದೋ ಸಿಗುವುದು ತಡವಾಯಿತೆಂದೋ ಬಹುಪಾಲು ಅರ್ಥ.