ಬಡ್ತಿ ಪಟ್ಟಿ ಬಂದ ಸಂಜೆ, ಶಾಖೆಯ ಗ್ರೂಪಿನಲ್ಲಿ

ಸರ್ಕಾರಿ ಬ್ಯಾಂಕುಗಳಲ್ಲಿ ಕ್ಲರ್ಕ್‌ನಿಂದ ಆಫೀಸರ್ ಹುದ್ದೆಗೆ ಬಡ್ತಿಯ ಪಟ್ಟಿ ಬಂದರೆ ಅದು ಮೊದಲು ಮುಟ್ಟುವುದು ಹೆಚ್ಚಾಗಿ ಯೂನಿಯನ್ ಗ್ರೂಪುಗಳನ್ನು. ಅಲ್ಲಿಂದ ಯಾರೋ ಒಬ್ಬರು ಪಿಡಿಎಫ್ ತೆರೆದು, ತಮ್ಮ ಶಾಖೆಯವರ ಹೆಸರು ಹುಡುಕಿ, ಅದರ ಸುತ್ತ ಹಳದಿ ಬಣ್ಣದ ವೃತ್ತ ಎಳೆದು, ಶಾಖೆಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಕೆಳಗೆ ಹೂಗುಚ್ಛ, ಚಪ್ಪಾಳೆ, 'ಕಂಗ್ರಾಟ್ಸ್ ಮೇಡಂ', 'ಪಾರ್ಟಿ ಯಾವಾಗ' ಸಾಲುಗಟ್ಟುತ್ತವೆ. ಹಾಕಿದವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಆ ವೃತ್ತದ ಅಕ್ಕಪಕ್ಕದಲ್ಲಿ ಯಾರ ಹೆಸರಿಲ್ಲ ಎಂಬುದೂ ಅದೇ ಚಿತ್ರದಲ್ಲಿ ಕಾಣುತ್ತದೆ.

ಒಂದು ಶಾಖೆಯನ್ನು ಕಲ್ಪಿಸಿಕೊಳ್ಳೋಣ. ತಾಲ್ಲೂಕು ಕೇಂದ್ರದ ಶಾಖೆ, ಹನ್ನೆರಡು ಜನ ಸಿಬ್ಬಂದಿ. ಈ ಸಲ ಮೂವರು ಕ್ಲರ್ಕ್‌ಗಳು ಬಡ್ತಿ ಪರೀಕ್ಷೆ ಬರೆದು ಸಂದರ್ಶನಕ್ಕೂ ಹೋಗಿ ಬಂದಿದ್ದಾರೆ: ಪಿಂಚಣಿ ಕೌಂಟರಿನ ಮೇಡಂ, ಕ್ಯಾಷ್ ನೋಡುವವರು, ಚಿನ್ನದ ಸಾಲದ ಡೆಸ್ಕಿನವರು. ಪಟ್ಟಿಯಲ್ಲಿ ಬಂದದ್ದು ಪಿಂಚಣಿ ಕೌಂಟರಿನ ಮೇಡಂ ಹೆಸರು ಮಾತ್ರ. ಕ್ಯಾಷಿನವರು ರಾತ್ರಿಯೆಲ್ಲ ಓದಿ ಜೆಎಐಐಬಿ ಮುಗಿಸಿದವರು. ಇದು ಅವರ ಎರಡನೆಯ ಪ್ರಯತ್ನ. ನಾಲ್ಕನೆಯವರೊಬ್ಬರು ಪರೀಕ್ಷೆಗೇ ಕೂರಲಿಲ್ಲ. ಬಡ್ತಿ ಎಂದರೆ ಬಹುಪಾಲು ವರ್ಗಾವಣೆಯೂ ಹೌದು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಡುವುದು ಸಾಧ್ಯವಿರಲಿಲ್ಲ. ಇವರೆಲ್ಲರೂ ಇರುವ ಗ್ರೂಪಿನಲ್ಲೇ ಸಬ್‌ಸ್ಟಾಫ್ ಇದ್ದಾರೆ, ಗುತ್ತಿಗೆಯ ಮೇಲೆ ಬಂದಿರುವ ಗಾರ್ಡ್ ಇದ್ದಾರೆ. ಗಾರ್ಡ್‌ಗೆ ಬಡ್ತಿ ಎಂಬುದೇ ಇಲ್ಲ.

ಈಗ ಮ್ಯಾನೇಜರ್ ಮೇಡಂಗೆ ಅಭಿನಂದನೆ ಹೇಳಬೇಕು. ಹೇಳದೆ ಇರುವಂತಿಲ್ಲ, ಮೌನವಾಗಿದ್ದರೆ ಮೇಡಂಗೆ ಅನ್ಯಾಯ, ಅವರು ಯಾರ ಪಾಲನ್ನೂ ಕಿತ್ತುಕೊಂಡಿಲ್ಲ. ಹಾಗಾದರೆ ಹೇಗೆ ಹೇಳುವುದು?

ಒಕ್ಕಣೆಗಿಂತ ಮೊದಲು ಕ್ರಮ. ಪಟ್ಟಿ ಕೈಗೆ ಬಂದ ಕೂಡಲೇ ಮ್ಯಾನೇಜರ್ ಮಾಡಬೇಕಾದ ಕೆಲಸ ಗ್ರೂಪಿನಲ್ಲಿಲ್ಲ, ಫೋನಿನಲ್ಲಿದೆ. ಬಡ್ತಿ ಆದವರಿಗೆ ಒಂದು ಕರೆ, ಆಗದ ಇಬ್ಬರಿಗೂ ತಲಾ ಒಂದು ಕರೆ. 'ಪಟ್ಟಿ ಬಂದಿದೆ, ಈ ಸಲ ನಿಮ್ಮ ಹೆಸರಿಲ್ಲ, ಗ್ರೂಪಿನಲ್ಲಿ ನೋಡುವ ಮೊದಲು ನಾನೇ ಹೇಳಬೇಕು ಅನ್ನಿಸಿತು' ಎಂದರೆ ಸಾಕು. ಸಮಾಧಾನದ ಭಾಷಣ ಬೇಡ, ಯಾಕೆ ಆಗಲಿಲ್ಲ ಎಂಬ ವಿಶ್ಲೇಷಣೆ ಅಂತೂ ಆ ಹೊತ್ತಿಗೆ ಬೇಡವೇ ಬೇಡ. ಹೀಗೆ ಮೊದಲೇ ಗೊತ್ತಾದವರಿಗೆ ಗ್ರೂಪಿನ ಅಭಿನಂದನೆ ಬಂದಾಗ ಅದು ಸುದ್ದಿಯಾಗಿರುವುದಿಲ್ಲ. ಊಟಕ್ಕೆ ಕೂತಾಗ, ಮಕ್ಕಳ ಎದುರು, ಫೋನ್ ಕಣಕಣ ಅಂದು ಸೋತ ಸಂಗತಿ ಹತ್ತು ಹೂಗುಚ್ಛಗಳ ಮೂಲಕ ತಿಳಿಯುವುದು ಬೇರೆಯೇ ಅನುಭವ. ಇನ್ನು ಮ್ಯಾನೇಜರ್ ಅಲ್ಲದ ಸಹೋದ್ಯೋಗಿ ಪಾಲಿಸಬೇಕಾದದ್ದು ಇಷ್ಟೇ: ಪಿಡಿಎಫ್ ಹಾಕಬಾರದು, ಮೊದಲಿಗರಾಗುವ ಆತುರ ಪಡಬಾರದು. ಖುಷಿ ತಡೆಯಲಾಗದಿದ್ದರೆ ಮೇಡಂಗೇ ನೇರವಾಗಿ ಕರೆ ಮಾಡಬಹುದು. ಗ್ರೂಪಿಗೆ ಮರುದಿನ ಬೆಳಗ್ಗೆ ಬರೆದರೂ ತಡವೇನಲ್ಲ.

ಇನ್ನು ಒಕ್ಕಣೆ. ಸಾಮಾನ್ಯವಾಗಿ ಬರುವ ಸಂದೇಶ ಹೀಗಿರುತ್ತದೆ:

"ಕೊನೆಗೂ ನಮ್ಮ ಶಾಖೆಯ ಮಾನ ಉಳಿಸಿದಿರಿ ಮೇಡಂ! ಅರ್ಹರಿಗೆ ಸಿಕ್ಕೇ ಸಿಗುತ್ತೆ ಅನ್ನೋದಕ್ಕೆ ನೀವೇ ಸಾಕ್ಷಿ. ಕಷ್ಟಪಟ್ಟು ಓದಿದ್ದಕ್ಕೆ ಫಲ ಸಿಕ್ಕಿತು. ಉಳಿದವರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ನಿಮ್ಮದೇ!"

ಬರೆದವರ ಮನಸ್ಸು ಒಳ್ಳೆಯದೇ. ಆದರೆ ಕ್ಯಾಷಿನವರ ಕಣ್ಣಿನಿಂದ ಒಮ್ಮೆ ಓದಿ. ಮಾನ ಉಳಿಸಿದ್ದು ಅವರಾದರೆ ಕಳೆದವರು ಯಾರು? ಅರ್ಹರಿಗೆ ಸಿಕ್ಕೇ ಸಿಗುವುದಾದರೆ ಸಿಗದವರು ಅನರ್ಹರು. ಓದಿದ್ದಕ್ಕೆ ಫಲ ಎಂದ ಕೂಡಲೇ ಓದಿಯೂ ಫಲ ಸಿಗದವರ ಓದಿನ ಮೇಲೆ ಅನುಮಾನ ಬಿತ್ತು. ಇವೆಲ್ಲ ಮೇಡಂ ಏನು ಮಾಡಿದರು ಎಂದು ಹೇಳುವುದೇ ಇಲ್ಲ. ಅವರು ಯಾರಿಗಿಂತ ಮೇಲೆ ಎಂದಷ್ಟೇ ಹೇಳುತ್ತವೆ.

ನನ್ನ ಲೆಕ್ಕದಲ್ಲಿ ಅತ್ಯಂತ ಕೆಟ್ಟ ಸಾಲು ಕೊನೆಯದು, ಅಂದರೆ ಎಲ್ಲರೂ ಅತ್ಯಂತ ಸೌಜನ್ಯದ್ದು ಎಂದುಕೊಳ್ಳುವ ಸಾಲು. ಯಾರಿಗೂ ನೋವಾಗಬಾರದು ಎಂಬ ಕಾಳಜಿಯೇ ಅದನ್ನು ಬರೆಸುತ್ತದೆ. ಆದರೆ 'ಉಳಿದವರು' ಯಾರು ಎಂಬುದು ಹನ್ನೆರಡು ಜನಕ್ಕೂ ಗೊತ್ತು. ಪರೀಕ್ಷೆ ಬರೆದದ್ದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದವರನ್ನು ಆ ಸಾಲು ಕೈಹಿಡಿದು ಎಳೆದು ತಂದು ನಿಲ್ಲಿಸುತ್ತದೆ. ಬೇಜಾರು ಮಾಡಿಕೊಂಡಿರುವುದನ್ನು ಅವರ ಪರವಾಗಿ ಘೋಷಿಸುತ್ತದೆ. ಆಮೇಲೆ ಅವರು ನಗುವ ಇಮೋಜಿಯೊಂದನ್ನು ಹಾಕಲೇಬೇಕಾಗುತ್ತದೆ. 'ಮುಂದಿನ ಸಲ ನಿಮ್ಮದೇ' ಎಂಬ ಭರವಸೆ ಕೊಡಲು ಬರೆದವರ ಕೈಯಲ್ಲಿ ಏನಿದೆ? ಸಂದರ್ಶನದಲ್ಲಿ ಕೂರುವವರು ಅವರಲ್ಲ. ಸಮಾಧಾನ ಹೇಳಬೇಕಾದವರಿಗೆ ಅದನ್ನು ಒಬ್ಬರಿಗೊಬ್ಬರೇ ಹೇಳಬೇಕು. ಅಭಿನಂದನೆಯ ಸಂದೇಶದೊಳಗೆ ಸಮಾಧಾನ ಬೆರೆಸಿದರೆ ಮೇಡಂನ ಸಂತೋಷವೂ ಅರ್ಧ, ಅವರ ಸಂಕಟವೂ ಬಯಲು.

ಹಾಗಾದರೆ ಏನು ಬರೆಯಬೇಕು? ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಲು ಬರುತ್ತಾರೆ. ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿರುತ್ತದೆ. ಬೆರಳಚ್ಚು ಸಿಗದ ಸವೆದ ಬೆರಳುಗಳು, ಮೊಮ್ಮಗನ ಫೋನಿಗೆ ಹೋದ ಓಟಿಪಿ, ಊರಿಂದ ಮೊದಲ ಬಸ್ಸಿಗೆ ಬಂದವರ ಹಸಿವು. ನಮ್ಮ ಶಾಖೆಯ ಮೇಡಂ ಹೋದ ವರ್ಷ ಏನೋ ಒಂದು ಉಪಾಯ ಮಾಡಿದ್ದರು ಎಂದುಕೊಳ್ಳಿ. ಆಗ ಮ್ಯಾನೇಜರ್ ಹೀಗೆ ಬರೆಯಬಹುದು:

"ಮೇಡಂ, ಆಫೀಸರ್ ಆಗಿ ಬಡ್ತಿ ಪಡೆದಿದ್ದಕ್ಕೆ ಅಭಿನಂದನೆಗಳು. ಹೋದ ನವೆಂಬರಿನಲ್ಲಿ ಹಳ್ಳಿವಾರು ದಿನ ಗೊತ್ತುಮಾಡಿ, ಹಿಂದಿನ ದಿನವೇ ಫೋನ್ ಮಾಡಿ ತಿಳಿಸುವ ವ್ಯವಸ್ಥೆ ನೀವು ಶುರು ಮಾಡಿದ ಮೇಲೆ ಹಿರಿಯರು ಬಿಸಿಲಲ್ಲಿ ನಿಲ್ಲುವುದು ತಪ್ಪಿತು. ಹೊಸ ಜಾಗದಲ್ಲೂ ಒಳ್ಳೆಯದಾಗಲಿ."

ಮೂರು ವಾಕ್ಯ. ಯಾರಿಗೂ ಹೋಲಿಕೆಯಿಲ್ಲ, ಪರೀಕ್ಷೆಯ ಸುದ್ದಿಯಿಲ್ಲ, ಅರ್ಹತೆಯ ಮಾತಿಲ್ಲ. ಇಂಥ ಸಂದೇಶಕ್ಕೆ ನಾನು ಒಂದೇ ಪರೀಕ್ಷೆ ಇಡುತ್ತೇನೆ: ಪಕ್ಕದ ಕೌಂಟರಿನಲ್ಲಿ ಕೂತ, ಬಡ್ತಿ ತಪ್ಪಿದವರು ಇದನ್ನು ಓದಿ 'ಹೌದು, ಅದು ನಿಜ' ಅನ್ನಬಲ್ಲರೇ? ಅನ್ನಬಲ್ಲರಾದರೆ ಕಳಿಸಿ. ಹಳ್ಳಿವಾರು ಪಟ್ಟಿ ಮಾಡಿದ್ದು ಮೇಡಂ, ಆದರೆ ದಿನಾ ಸಂಜೆ ಕೂತು ಫೋನ್ ಮಾಡಿದ್ದು ಕ್ಯಾಷಿನವರು ಎಂದಿದ್ದರೆ ಈ ಪರೀಕ್ಷೆಯಲ್ಲಿ ಸಂದೇಶ ಫೇಲು. ಹಾಗಿದ್ದಾಗ 'ಫೋನ್ ಮಾಡುವ ವ್ಯವಸ್ಥೆ' ಎಂಬುದನ್ನು ಬಿಟ್ಟು, ಮೇಡಂ ಒಬ್ಬರೇ ಮಾಡಿದ್ದನ್ನು ಮಾತ್ರ ಹೇಳಬೇಕು. ಗಮನಿಸಿ, ಕ್ಯಾಷಿನವರ ಹೆಸರನ್ನು ಅಲ್ಲಿ ಸೇರಿಸಿ ಎಂದು ಹೇಳುತ್ತಿಲ್ಲ. ಅವರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಬೇರೆ ದಿನ, ಅದರದೇ ಕಾರಣಕ್ಕೆ ಹೇಳಬೇಕು. ಇನ್ನೊಬ್ಬರ ಬಡ್ತಿಯ ಸಂದೇಶದಲ್ಲಿ ಬಂದರೆ ಅದು ಸಮಾಧಾನದ ಬಹುಮಾನದ ಹಾಗೆ ಕಾಣುತ್ತದೆ.

ಬರೆಯಲು ಅಂಥ ಒಂದು ಕೆಲಸವೂ ನೆನಪಿಗೆ ಬಾರದಿದ್ದರೆ 'ಅಭಿನಂದನೆಗಳು ಮೇಡಂ, ಒಳ್ಳೆಯದಾಗಲಿ' ಎಂದಷ್ಟೇ ಬರೆಯಿರಿ. ಅದೇನೂ ಕಡಿಮೆಯಲ್ಲ. ಗೊತ್ತಿಲ್ಲದ್ದನ್ನು ಹೊಗಳಿದರೆ ಹನ್ನೊಂದು ಜನಕ್ಕೆ ಗೊತ್ತಾಗುತ್ತದೆ.

ಕೆಲವು ಶಾಖೆಗಳಲ್ಲಿ ಒಂದೇ ಪಟ್ಟಿಯಲ್ಲಿ ಇಬ್ಬರ ಹೆಸರು ಬರುತ್ತದೆ. ಆಗಿನ ತೊಂದರೆ ಬೇರೆ. ಒಬ್ಬರಿಗೆ ಮ್ಯಾನೇಜರ್ ಐದು ಸಾಲು ಬರೆದು ಇನ್ನೊಬ್ಬರಿಗೆ ಹೆಬ್ಬೆರಳು ಎತ್ತಿದರೆ, ಸೋತವರಿಗಲ್ಲ, ಗೆದ್ದವರಲ್ಲೇ ಒಬ್ಬರಿಗೆ ಹೊರಗಿಟ್ಟಂತಾಗುತ್ತದೆ. ವಾಟ್ಸಾಪಿನಲ್ಲಿ ಸಂದೇಶದ ಕೆಳಗಿನ ಇಮೋಜಿಯನ್ನು ಒತ್ತಿದರೆ ಯಾರು ಯಾರು ಹಾಕಿದ್ದಾರೆ ಎಂಬ ಪಟ್ಟಿಯೇ ಬರುತ್ತದೆ. ಜನ ನೋಡುತ್ತಾರೆ, ಎಣಿಸುತ್ತಾರೆ, ಹೋದ ವರ್ಷ ತನಗೆ ಎಷ್ಟು ಬಂದಿತ್ತು ಎಂಬುದನ್ನೂ ಮರೆತಿರುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಸಂದೇಶ, ಹೆಚ್ಚುಕಡಿಮೆ ಒಂದೇ ಉದ್ದ, ಒಂದರ ಹಿಂದೊಂದು. ಕಳಿಸಿದ ಮೇಲೆ ಒಂದು ಮಾತು ಚುಚ್ಚುತ್ತಿದೆ ಅನ್ನಿಸಿದರೆ ತಿದ್ದಲು ವಾಟ್ಸಾಪ್ ಹದಿನೈದು ನಿಮಿಷ ಕೊಡುತ್ತದೆ. ಪೂರ್ತಿ ಅಳಿಸಿದರೆ ಅಳಿಸಿದ ಗುರುತು ಉಳಿದು ಇನ್ನಷ್ಟು ಊಹೆಗೆ ದಾರಿಯಾಗುತ್ತದೆ.

ಪರೀಕ್ಷೆಗೇ ಕೂರದವರ ಮಾತು ಬಂತಲ್ಲ. 'ಧೈರ್ಯ ಮಾಡಿದವರಿಗೆ ದೇವರು ಕೊಡ್ತಾನೆ' ಎಂಬ ಸಾಲು ಅವರಿಗೆ ತಾಗುತ್ತದೆ. ಅವರಿಗೆ ಧೈರ್ಯದ ಕೊರತೆ ಇರಲಿಲ್ಲ. ಇನ್ನು ಮೀಸಲಾತಿಯ ಕೊಂಕು: ಯಾರಾದರೂ ನಗೆಚಾಟಿಕೆಯ ವೇಷದಲ್ಲಿ ಅದನ್ನು ತಂದರೆ ಅಡ್ಮಿನ್ ಆ ಸಂದೇಶವನ್ನು ತಕ್ಷಣ ತೆಗೆಯಬೇಕು, ಬರೆದವರಿಗೆ ಕರೆ ಮಾಡಿ ಖಡಾಖಂಡಿತವಾಗಿ ಹೇಳಬೇಕು. ಇಲ್ಲಿ ಮೆತ್ತಗಿನ ಭಾಷೆ ಕೆಲಸಕ್ಕೆ ಬಾರದು.

ಅಭಿನಂದನೆ ಪಡೆದವರಿಗೂ ಸ್ವಲ್ಪ ಕೆಲಸವಿದೆ. ಬಂದ ಒಂದೊಂದು ಹೂಗುಚ್ಛಕ್ಕೂ ಬೇರೆ ಬೇರೆ ಕೈಮುಗಿದರೆ ಗ್ರೂಪು ರಾತ್ರಿಯವರೆಗೂ ಅದೇ ಸುದ್ದಿಯಿಂದ ಮೊಳಗುತ್ತಿರುತ್ತದೆ. ಒಂದೇ ಉತ್ತರ ಸಾಕು: "ಎಲ್ಲರಿಗೂ ಧನ್ಯವಾದ. ರಿಲೀವ್ ಆಗುವವರೆಗೆ ಪಿಂಚಣಿ ಕೌಂಟರಿನ ಕೆಲಸ ಕಲಿಸಿಕೊಟ್ಟು ಹೋಗುತ್ತೇನೆ." ಪಾರ್ಟಿಯ ವಿಚಾರ ಗ್ರೂಪಿನಲ್ಲಿ ಬೇಡ. ಯಾವ ಹೋಟೆಲು, ತಲಾ ಎಷ್ಟು ಎಂಬ ಚರ್ಚೆಯಲ್ಲಿ ಗಾರ್ಡ್ ಮತ್ತು ಸಬ್‌ಸ್ಟಾಫ್ ತಮ್ಮನ್ನು ಲೆಕ್ಕಕ್ಕೆ ಹಿಡಿದಿದ್ದಾರೋ ಇಲ್ಲವೋ ಎಂದು ಓದುತ್ತಾ ಕೂರಬೇಕಾಗುತ್ತದೆ. ಅರ್ಧ ಕಿಲೋ ಪೇಡೆ ತಂದು ಶಾಖೆಯಲ್ಲಿ ಎಲ್ಲರಿಗೂ, ಮಧ್ಯಾಹ್ನ ಟೀ ತರುವ ಹುಡುಗನಿಗೂ ಕೊಟ್ಟರೆ ಯಾರೂ ಬಿಟ್ಟುಹೋಗುವುದಿಲ್ಲ.

ಆಯ್ಕೆಯೇ ಸರಿಯಿರಲಿಲ್ಲ ಎಂಬ ಅನುಮಾನ ಕೆಲವರಿಗೆ ಇರಬಹುದು. ಅದನ್ನು ಯಾವ ಒಕ್ಕಣೆಯೂ ಪರಿಹರಿಸದು. ಅದಕ್ಕೆ ಯೂನಿಯನ್ ಇದೆ, ಲಿಖಿತ ಮನವಿ ಇದೆ. ಅಭಿನಂದಿಸುವವರು ಆಯ್ಕೆಯ ವಕೀಲರಾಗದಿದ್ದರೆ ಸಾಕು.

ಎರಡು ದಿನ ಕಳೆದ ಮೇಲೆ ಕ್ಯಾಷಿನವರು ಗ್ರೂಪಿನಲ್ಲಿ 'ಅಭಿನಂದನೆಗಳು ಮೇಡಂ' ಎಂದು ಬರೆಯಬಹುದು, ಬರೆಯದೆಯೂ ಇರಬಹುದು. ಬರೆಯದಿದ್ದರೆ ಯಾರೂ ಕೇಳಬಾರದು. ಬರೆದರೆ ಮೇಡಂ ಉಳಿದವರಿಗೆ ಹೇಳಿದಂತೆಯೇ ಅವರಿಗೂ ಧನ್ಯವಾದ ಹೇಳಬೇಕು. ಅಷ್ಟರಲ್ಲಿ ಮೂರನೆಯವರು ನಡುವೆ ಬಂದು 'ನಿಮ್ಮದು ಎಂಥಾ ದೊಡ್ಡ ಮನಸ್ಸು ಸರ್' ಎಂದು ಬರೆಯದಿರಲಿ.