ಕೈ ಬದಲಾದ ಎಕ್ಸ್‌ಟೆನ್ಷನ್

ದಿ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಷನ್ನನ್ನು ಸುಮಾರು ಇಪ್ಪತ್ತು ಲಕ್ಷ ಜನ ತಮ್ಮ ಕ್ರೋಮ್ ಬ್ರೌಸರ್‌ಗೆ ಹಾಕಿಕೊಂಡಿದ್ದರು. ತೆರೆದಿಟ್ಟು ಮರೆತ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುವುದು ಅದರ ಕೆಲಸ. ವರ್ಷಗಟ್ಟಲೆ ಅದನ್ನೇ ನಿಷ್ಠೆಯಿಂದ ಮಾಡಿತು. 2020ರಲ್ಲಿ ಅದನ್ನು ರೂಪಿಸಿದವರು ಬೇರೆಯವರಿಗೆ ಮಾರಿದರು. ಕೊಂಡವರು ಯಾರೆಂಬುದು ಬಳಸುವವರಿಗೆ ತಿಳಿಯಲಿಲ್ಲ. ಕೆಲವೇ ತಿಂಗಳಲ್ಲಿ, ಹೊರಗಿನ ಸರ್ವರ್‌ನಿಂದ ಕೋಡ್ ತರಿಸಿ ಓಡಿಸುವ ಆವೃತ್ತಿ ಬಂತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ಗುರುತಿಸಿ ಸ್ಟೋರ್‌ನಿಂದ ತೆಗೆದುಹಾಕಿತು, ಜನರ ಬ್ರೌಸರ್‌ಗಳಲ್ಲೂ ನಿಲ್ಲಿಸಿತು.

ಎಕ್ಸ್‌ಟೆನ್ಷನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ಹೊಸ ಆವೃತ್ತಿಗೆ ಇನ್ನೂ ದೊಡ್ಡ ಅನುಮತಿ ಬೇಕಾದರೆ ಕ್ರೋಮ್ ಅದನ್ನು ತಡೆದು ನಮ್ಮನ್ನು ಕೇಳುತ್ತದೆ. ಆದರೆ ಎಲ್ಲ ಪುಟಗಳನ್ನೂ ಓದುವ ಅನುಮತಿಯನ್ನು ಮೊದಲೇ ಕೊಟ್ಟಿದ್ದರೆ, ಆ ಓದಿದ್ದನ್ನು ಬೇರೆಡೆಗೆ ಕಳಿಸಲು ಹೊಸದಾಗಿ ಯಾರನ್ನೂ ಕೇಳಬೇಕಿಲ್ಲ. ಅಂದು ಕೊಟ್ಟ ಒಪ್ಪಿಗೆ ಇಂದಿನ ಮಾಲೀಕನಿಗೂ ಸಲ್ಲುತ್ತದೆ. ಆದ್ದರಿಂದ ಒಳ್ಳೆಯ ಹೆಸರು, ಹೆಚ್ಚು ಬಳಕೆದಾರರು ಎಂಬುದನ್ನಷ್ಟೇ ನಂಬಿ ಕೂರುವಂತಿಲ್ಲ.

ಅಡ್ರೆಸ್ ಬಾರ್‌ನಲ್ಲಿ chrome://extensions ಎಂದು ಬರೆದು ಎಂಟರ್ ಒತ್ತಿ. ಪ್ರತಿಯೊಂದರ Details ತೆರೆದು ಅನುಮತಿಗಳನ್ನು ಓದಿ. "Read and change all your data on all websites" ಎಂದಿದ್ದರೆ ನಿಮ್ಮ ಇಮೇಲ್, ಬ್ಯಾಂಕಿನ ಪುಟ, ನೀವು ಟೈಪ್ ಮಾಡುವ ಪಾಸ್‌ವರ್ಡ್ ಎಲ್ಲವೂ ಅದರ ಕಣ್ಣಳತೆಯಲ್ಲಿವೆ. ಇದೊಂದೇ ಕಾರಣಕ್ಕೆ ಕಳ್ಳನೆನ್ನಲಾಗದು: ಜಾಹೀರಾತು ತಡೆಯುವ ಎಷ್ಟೋ ಎಕ್ಸ್‌ಟೆನ್ಷನ್‌ಗಳಿಗೆ ಈ ಅನುಮತಿ ಬೇಕಾಗುತ್ತದೆ. ಕ್ಯಾಲ್ಕ್ಯುಲೇಟರ್‌ಗೆ ಏಕೆ? ಪದದ ಅರ್ಥ ಹೇಳುವಂಥದ್ದಕ್ಕೆ Site access ಎಂಬಲ್ಲಿ On click ಆರಿಸಿದರೆ ಸಾಕು, ನೀವು ಒತ್ತಿದಾಗ ಮಾತ್ರ ಆ ಪುಟವನ್ನು ಓದುತ್ತದೆ.

ಅನುಮಾನ ಬಂದದ್ದನ್ನು ಮೊದಲು ಸ್ವಿಚ್‌ನಿಂದ ನಿಲ್ಲಿಸಿ. ಆದರೆ ನಿಮ್ಮ ಮಾಹಿತಿ ಅದರೊಳಗೆ ಇದೆಯೇ ಎಂದು ಅದಕ್ಕೂ ಮುಂಚೆ ನೋಡಿಕೊಳ್ಳಿ. ಗ್ರೇಟ್ ಸಸ್ಪೆಂಡರ್ ನಿಂತಾಗ ಮಲಗಿದ್ದ ಟ್ಯಾಬ್‌ಗಳೆಲ್ಲ ಮಾಯವಾಗಿ ಎಷ್ಟೋ ಜನ ಪರದಾಡಿದರು. ಮಲಗಿದ ಟ್ಯಾಬ್ ಎಂದರೆ ಆ ಎಕ್ಸ್‌ಟೆನ್ಷನ್ನಿನದೇ ಒಂದು ಪುಟವಾಗಿತ್ತು. ಮಲಗಿದ ಟ್ಯಾಬ್‌ಗಳನ್ನು ಎಬ್ಬಿಸಿ ಬುಕ್‌ಮಾರ್ಕ್ ಮಾಡಿ, ನೋಟ್ಸ್ ಇದ್ದರೆ ಬೇರೆಡೆ ಉಳಿಸಿ, ಆಮೇಲೆ ಅದೇ ಪಟ್ಟಿಯಲ್ಲಿ Remove ಒತ್ತಿ. ತೆಗೆದ ಕೂಡಲೇ ಯಾವುದಾದರೂ ಪುಟ ತಾನಾಗಿ ತೆರೆದು ಇಮೇಲ್ ಕೇಳಿದರೆ ಏನನ್ನೂ ತುಂಬದೆ ಮುಚ್ಚಿ. Remove ಒತ್ತಲು ಬರದೆ, ಸಂಸ್ಥೆಯ ಅಡ್ಮಿನ್ ಹಾಕಿದ್ದು ಎಂದು ತೋರಿಸಿದರೆ, ಕಚೇರಿಯ ಕಂಪ್ಯೂಟರಾಗಿದ್ದಲ್ಲಿ ಅಲ್ಲಿನ ಐಟಿಯವರನ್ನು ಕೇಳಿ. ಮನೆಯದಾಗಿದ್ದರೆ ಅದು ಮಾಲ್‌ವೇರಿನ ಲಕ್ಷಣ, ಇಡೀ ಕಂಪ್ಯೂಟರನ್ನು ಸ್ಕ್ಯಾನ್ ಮಾಡಿಸಿ.

ತೆಗೆದುಹಾಕಿದ ಮಾತ್ರಕ್ಕೆ ಈಗಾಗಲೇ ಓದಿಕೊಂಡದ್ದು ವಾಪಸು ಬರುವುದಿಲ್ಲ. ಲಾಗಿನ್ ಗುರುತಿನ ಕುಕೀ ಕದ್ದಿದ್ದರೆ ಪಾಸ್‌ವರ್ಡ್ ಇಲ್ಲದೆಯೂ ಖಾತೆಯೊಳಗೆ ನುಗ್ಗಬಹುದು. ಆದ್ದರಿಂದ ಇಮೇಲ್ ಮತ್ತು ಬ್ಯಾಂಕ್ ಖಾತೆಗಳಲ್ಲಿ ಎಲ್ಲ ಸಾಧನಗಳಿಂದ ಸೈನ್ ಔಟ್ ಆಗಿ, ಪಾಸ್‌ವರ್ಡ್‌ಗಳನ್ನು ಅಂದೇ ಬದಲಾಯಿಸಿ.